ಟಿಡಿಎಸ್ ಕಟ್ ಆಗಿದ್ರೆ ಸಾಕಾ? ಸ್ಪಷ್ಟನೆ

"ಟಿಡಿಎಸ್ ಕಟ್ ಆಗಿದ್ರೆ ಟ್ಯಾಕ್ಸ್ ಕೆಲಸ ಮುಗೀತು, ರಿಟರ್ನ್ ಹಾಕೋದು ಬೇಡ, ಜಾಸ್ತಿ ಕಟ್ ಆಗಿದ್ರೆ ತಾನಾಗೇ ರಿಫಂಡ್ ಬರುತ್ತೆ."

ಬರಲ್ಲ ಕಣ್ರೀ. ಟಿಡಿಎಸ್ ಅಂದ್ರೆ ನಿಮ್ ಪ್ಯಾನ್ ಹೆಸರಲ್ಲಿ ಮುಂಚೇನೇ ಕಟ್ಟಿರೋ ದುಡ್ಡು ಅಷ್ಟೇ, ಲೆಕ್ಕ ಆಗೋದು ರಿಟರ್ನ್ ಹಾಕಿದ್ಮೇಲೆ.

ಒಬ್ರಿಗೆ 2025-26ರಲ್ಲಿ ಸಂಬಳ 7,20,000, ಎಫ್‌ಡಿ ಬಡ್ಡಿ 60,000 ಅಂದ್ಕೊಳ್ಳಿ, ಬಡ್ಡಿ 50,000 ದಾಟಿದ್ದಕ್ಕೆ ಬ್ಯಾಂಕಿನವ್ರು 10% ಅಂದ್ರೆ 6,000 ಟಿಡಿಎಸ್ ಹಿಡಿದ್ರು. ಒಟ್ಟು 7,80,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ್ರೆ 7,05,000, ಡಿಡಕ್ಷನ್ ಕಳೆಯೋದು ಆದಾಯದಿಂದ, ಟ್ಯಾಕ್ಸಿಂದ ಅಲ್ಲ (ಇಲ್ಲೇ ಜಾಸ್ತಿ ಜನ ಎಡವೋದು). ಹೊಸ ರೆಜೀಮಲ್ಲಿ 12 ಲಕ್ಷದವರೆಗೆ ರಿಬೇಟ್ ಇರೋದ್ರಿಂದ ಟ್ಯಾಕ್ಸ್ ಸೊನ್ನೆ, ಆ 6,000 ಪೂರ್ತಿ ವಾಪಸ್ ಬರ್ಬೇಕು, ಆದ್ರೆ ರಿಟರ್ನ್ ಹಾಕಿದ್ರೆ ಮಾತ್ರ. ಒಟ್ಟು ಆದಾಯ 4 ಲಕ್ಷ ದಾಟಿರೋದ್ರಿಂದ ಹಾಕ್ಲೇಬೇಕು ಕೂಡ.

ಹಾಕುವಾಗ ಅಸೆಸ್‌ಮೆಂಟ್ ಇಯರ್ 2026-27 ಆರಿಸಿ, ದುಡಿದ ವರ್ಷದ ಮುಂದಿನದ್ದು ಅದು. ಮೊದ್ಲು ನಿಮ್ ಪ್ಯಾನ್‌ಗೆ ಜಮಾ ಆಗಿರೋ ಟ್ಯಾಕ್ಸ್ ತೋರಿಸೋ ಫಾರ್ಮ್ 26ಎಎಸ್‌ನಲ್ಲಿ ಆ 6,000 ಕಾಣ್ತಿದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಬ್ಯಾಂಕನ್ನೇ ಕೇಳ್ಬೇಕು. ಹಾಕಿ 30 ದಿನದೊಳಗೆ ಇ-ವೆರಿಫೈ ಮಾಡಿ, ಅದು ಆಗೋವರೆಗೂ ರಿಟರ್ನ್ ಪ್ರೊಸೆಸ್ಸೇ ಆಗಲ್ಲ. ಸ್ಟೇಟಸ್ಸಲ್ಲಿ Refund Failed ಅಂತ ಬಂದ್ರೆ ಗಾಬರಿ ಬೇಡ, ಸಾಮಾನ್ಯವಾಗಿ ಬ್ಯಾಂಕ್ ಅಕೌಂಟ್ ವ್ಯಾಲಿಡೇಟ್ ಆಗಿರಲ್ಲ, ಅದನ್ನ ಸರಿಮಾಡಿ ಪೋರ್ಟಲ್ಲಲ್ಲೇ Refund Reissue ರಿಕ್ವೆಸ್ಟ್ ಹಾಕಿ.