ಥಿನ್, ಸ್ಲಿಮ್, ಸ್ಕಿನ್ನಿ: ಉತ್ತರ ಹೇಳುವ ಮೊದಲು ವಾಕ್ಯವನ್ನು ಕೇಳಬೇಕು

ಇಂಗ್ಲಿಷ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ‘ಥಿನ್, ಸ್ಲಿಮ್, ಸ್ಕಿನ್ನಿ, ಈ ಮೂರಕ್ಕೂ ಏನು ವ್ಯತ್ಯಾಸ?’ ಎಂಬುದೂ ಒಂದು. ಅದಕ್ಕೆ ಎಲ್ಲೆಡೆ ಸಿಗುವ ಸಿದ್ಧ ಉತ್ತರವೂ ಒಂದೇ. ಸ್ಲಿಮ್ ಎಂದರೆ ಮೆಚ್ಚುಗೆ, ಸ್ಕಿನ್ನಿ ಎಂದರೆ ತೆಗಳಿಕೆ, ಥಿನ್ ಎಂದರೆ ಎರಡೂ ಅಲ್ಲದ ಬರಿಯ ವರ್ಣನೆ. ಶಿವಮೊಗ್ಗದಲ್ಲಿ ಸಂಜೆಯ ಹೊತ್ತು ಇಂಗ್ಲಿಷ್ ಹೇಳಿಕೊಡುವ ನಾನು ಈ ಉತ್ತರವನ್ನು ಸುಳ್ಳು ಎನ್ನಲಾರೆ. ಆದರೆ ಇದನ್ನು ಮೂರು ಮೆಟ್ಟಿಲಿನಂತೆ ಬಾಯಿಪಾಠ ಮಾಡಿಕೊಂಡವರು, ಯಾರ ಬಗ್ಗೆ ಮಾತನಾಡುತ್ತಿದ್ದೇವೆ, ಯಾಕೆ ಮಾತನಾಡುತ್ತಿದ್ದೇವೆ ಎಂಬುದನ್ನು ಮರೆತು, ‘ಒಳ್ಳೆಯ ಪದ’ ಎಂಬ ಒಂದೇ ಕಾರಣಕ್ಕೆ ಸ್ಲಿಮ್ ಅನ್ನು ಎಲ್ಲ ಕಡೆಯೂ ತಂದಿಡುತ್ತಾರೆ. ಪದದ ಛಾಯೆ ಪದದಲ್ಲಿ ಎಷ್ಟಿದೆಯೋ ಅಷ್ಟೇ ಅದು ಕೂತಿರುವ ವಾಕ್ಯದಲ್ಲೂ ಇರುತ್ತದೆ. ಆದ್ದರಿಂದ ಇಂಥ ಪ್ರಶ್ನೆ ಬಂದಾಗ ಮೊದಲು ವಾಕ್ಯವನ್ನು ಕೇಳಬೇಕು, ಉತ್ತರ ಆಮೇಲೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಉದಾಹರಣೆಯನ್ನೇ ಪೂರ್ತಿಯಾಗಿ ನೋಡೋಣ. ತೀರ್ಥಹಳ್ಳಿ ಕಡೆಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ತನ್ನ ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದ ವಾಕ್ಯ ಹೀಗಿತ್ತು: ‘ಜ್ವರ ಬಂದು ಎದ್ದ ಮೇಲೆ ನಮ್ಮಜ್ಜಿ ತುಂಬಾ ಸಣ್ಣಗಾಗಿದ್ದಾರೆ.’ ಮೊದಲು ಅವಳು ‘ಸ್ಮಾಲ್’ ಎಂದು ಬರೆದಿದ್ದಳು. ನಮ್ಮಲ್ಲಿ ‘ಸಣ್ಣ’ ಎಂಬ ಪದ ಗಾತ್ರಕ್ಕೂ ದೇಹದ ತೆಳುವಿಗೂ ಸಲ್ಲುವುದರಿಂದ ಈ ಎಡವಟ್ಟು ಸಹಜವಾದದ್ದು, ಆದರೆ ಇಂಗ್ಲಿಷಿನಲ್ಲಿ ‘ಸ್ಮಾಲ್’ ಎಂದರೆ ಅಜ್ಜಿಯ ಎತ್ತರ, ಆಕಾರವೆಲ್ಲ ಕುಗ್ಗಿದಂತೆ ಕೇಳಿಸುತ್ತದೆ. ಗೆಳತಿಯೊಬ್ಬಳು ಅದನ್ನು ಹೊಡೆದುಹಾಕಿ ‘ಸ್ಲಿಮ್’ ಎಂದು ತಿದ್ದಿದ್ದಳು. ‘ಮೇಡಂ, ಅಜ್ಜಿಗೆ ಸ್ಕಿನ್ನಿ ಅಂದ್ರೆ ಮರ್ಯಾದೆ ಕಡಿಮೆ ಆಗುತ್ತಲ್ವಾ, ಅದಕ್ಕೇ ಸ್ಲಿಮ್ ಹಾಕಿದ್ವಿ’ ಎಂದು ಇಬ್ಬರೂ ವಿವರಿಸಿದರು. ಅವರ ಕಾಳಜಿ ಸರಿಯಾಗಿತ್ತು, ಆರಿಸಿದ ಪದ ಸರಿಯಿರಲಿಲ್ಲ.

ಸ್ಲಿಮ್ ಎನ್ನುವಾಗ ಆ ದೇಹ ಹಾಗಿರುವುದು ಚೆನ್ನಾಗಿದೆ, ಆರೋಗ್ಯವಾಗಿದೆ ಎಂಬ ಒಪ್ಪಿಗೆಯನ್ನೂ ಜೊತೆಯಲ್ಲೇ ಹೇಳಿಬಿಡುತ್ತೇವೆ. ಅನೇಕ ಸಲ ಅದು ಪ್ರಯತ್ನಪಟ್ಟು ಪಡೆದ ಮೈಕಟ್ಟು ಎಂಬ ಸೂಚನೆಯೂ ಅದರಲ್ಲಿ ಸೇರಿಕೊಂಡಿರುತ್ತದೆ. ‘ಜ್ವರದಿಂದ ಸ್ಲಿಮ್ ಆದರು’ ಎಂದರೆ ಜ್ವರ ಬಂದದ್ದು ಒಳ್ಳೆಯದೇ ಆಯಿತು ಎಂಬ ಧ್ವನಿ ಹೊರಡುತ್ತದೆ. ಸ್ಕಿನ್ನಿ ಎಂಬುದು ‘ಸ್ಕಿನ್’, ಅಂದರೆ ಚರ್ಮ ಎಂಬ ಪದದಿಂದಲೇ ಬಂದದ್ದು. ಅದು ಮಾಂಸವಿಲ್ಲದೆ ಎಲುಬು ಕಾಣುವಷ್ಟು ತೆಳುವಾದ ಮೈಯನ್ನು ಹೇಳುತ್ತದೆ, ಜೊತೆಗೆ ಸಲಿಗೆಯ ಮಾತಿನ ಪದವೂ ಹೌದು. ಹಾಗಾಗಿ ಅಜ್ಜಿಯ ವಾಕ್ಯಕ್ಕೆ ಉಳಿಯುವುದು ಥಿನ್. ಅದು ಹೊಗಳುವುದಿಲ್ಲ, ಹಂಗಿಸುವುದಿಲ್ಲ. ಕಾಯಿಲೆಯ ನೋವು ‘ಜ್ವರ ಬಂದು ಎದ್ದ ಮೇಲೆ’ ಎಂಬ ಮಾತಿನಿಂದ ತಾನಾಗಿಯೇ ಬರುತ್ತದೆ.

ಇದನ್ನು ನಂಬು ಎಂದು ಹೇಳಿದರೆ ಸಾಲದು, ತಾನೇ ಪರೀಕ್ಷಿಸಿಕೊಳ್ಳುವ ದಾರಿಯನ್ನೂ ತೋರಿಸಬೇಕು. ನಾನು ಬಳಸುವುದು ‘ಬಟ್’ ಮತ್ತು ‘ಆಂಡ್’ ಎಂಬ ಎರಡು ಚಿಕ್ಕ ಪದಗಳನ್ನು. ‘ಷಿ ಈಸ್ ಥಿನ್ ಬಟ್ ಹೆಲ್ತಿ’ ಎಂದರೆ ಕಿವಿಗೆ ಏನೂ ತಡೆಯುವುದಿಲ್ಲ, ಏಕೆಂದರೆ ಥಿನ್ ಎಂದೊಡನೆ ಆರೋಗ್ಯದ ಬಗ್ಗೆ ಸಣ್ಣ ಅನುಮಾನ ಏಳುವುದು ಸಾಧ್ಯ, ಆ ಅನುಮಾನವನ್ನು ‘ಬಟ್’ ಕಳೆಯುತ್ತದೆ. ‘ಷಿ ಈಸ್ ಸ್ಲಿಮ್ ಬಟ್ ಹೆಲ್ತಿ’ ಎಂದು ಹೇಳಿ ನೋಡಿ. ಆ ‘ಬಟ್’ ಯಾತಕ್ಕೆ ಬಂತೆಂದು ಕೇಳುವವರು ತಡವರಿಸುತ್ತಾರೆ. ಸ್ಲಿಮ್ ಒಳಗೇ ಆರೋಗ್ಯ ಇರುವುದರಿಂದ ಅಲ್ಲಿ ‘ಆಂಡ್’ ಬರಬೇಕು. ‘ಟೂ’ ಎಂಬ ಪದವೂ ಇದೇ ಕೆಲಸ ಮಾಡುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ‘ಟೂ ಥಿನ್’ ಎನ್ನುವುದು ಸಾಮಾನ್ಯ, ‘ಟೂ ಸ್ಲಿಮ್’ ಎನ್ನುವುದು ಅಪರೂಪ, ಏಕೆಂದರೆ ಮೆಚ್ಚಿದ್ದನ್ನೇ ಅತಿಯಾಯಿತು ಎನ್ನಲು ಬಾಯಿ ಬರುವುದಿಲ್ಲ. ಆ ವಿದ್ಯಾರ್ಥಿನಿಗೆ ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿದಾಗ, ನಾನು ನಿಯಮ ಹೇಳುವ ಮೊದಲೇ ಅವಳು ಸ್ಲಿಮ್ ಅನ್ನು ತೆಗೆದುಹಾಕಿದಳು.

ಇಲ್ಲಿಗೆ ನಿಲ್ಲಿಸಿದರೆ ಮತ್ತೆ ಮೂರು ಮೆಟ್ಟಿಲಿನ ಪಾಠಕ್ಕೇ ಮರಳಿದಂತಾಗುತ್ತದೆ. ಮಾತನಾಡುವವರು ಯಾರು ಎಂಬುದು ಬದಲಾದರೆ ಛಾಯೆಯೂ ಬದಲಾಗುತ್ತದೆ. ‘ಚಿಕ್ಕವನಿದ್ದಾಗ ನಾನು ಸ್ಕಿನ್ನಿ ಹುಡುಗನಾಗಿದ್ದೆ’ ಎಂದು ಒಬ್ಬ ತನ್ನ ಬಗ್ಗೆ ಹೇಳಿಕೊಂಡರೆ ಅದರಲ್ಲಿ ತೆಗಳಿಕೆಯೇ ಇಲ್ಲ, ಸಲಿಗೆ ಮಾತ್ರ ಇದೆ. ಅದೇ ಪದವನ್ನು ಕಚೇರಿಯ ಸಹೋದ್ಯೋಗಿಯ ಮುಖಕ್ಕೆ ಹೇಳಿದರೆ ಅದು ಅವಮಾನ. ನಮ್ಮ ಮಲೆನಾಡಿನ ಮನೆಗಳಲ್ಲಿ ರಜಕ್ಕೆ ಊರಿಗೆ ಬಂದ ಹುಡುಗಿಗೆ ‘ಎಂಥ ಮಾರಾಯ್ತಿ, ಹೀಗೆ ಇಳಿದುಹೋಗಿದ್ದೀಯ’ ಎನ್ನುವುದು ಅಕ್ಕರೆಯ ಮಾತು, ಅದರ ಹಿಂದೆಯೇ ಊಟದ ಎಲೆ ಬರುತ್ತದೆ. ಈ ಅಕ್ಕರೆಯನ್ನು ಇಂಗ್ಲಿಷಿಗೆ ಸಾಗಿಸುತ್ತೇನೆಂದು ಪರಿಚಯವಾದ ಹೊಸತರಲ್ಲಿಯೇ ಯಾರಿಗಾದರೂ ‘ಯು ಹ್ಯಾವ್ ಬಿಕಮ್ ಸೋ ಸ್ಕಿನ್ನಿ’ ಎಂದರೆ ಅಕ್ಕರೆ ಹೋಗಿ ಟೀಕೆ ಮಾತ್ರ ತಲುಪುತ್ತದೆ. ಅಂಥಲ್ಲಿ ಮೈಯ ಮಾತನ್ನೇ ಎತ್ತದೆ, ‘ಹುಷಾರಾಗಿದ್ದೀಯಾ’ ಎಂದು ನೇರವಾಗಿ ಕೇಳುವುದು ಮೇಲು.

ಮನುಷ್ಯರನ್ನು ಬಿಟ್ಟು ವಸ್ತುಗಳ ಕಡೆಗೆ ಬಂದರೆ ಮೆಟ್ಟಿಲುಗಳೇ ಮಾಯವಾಗುತ್ತವೆ. ಕಾಗದ, ಗೋಡೆ, ತುಟಿ, ಗಾಳಿ, ಸೂಪು, ಇವೆಲ್ಲ ಥಿನ್ ಆಗಬಲ್ಲವು. ಬೆಳಗ್ಗೆ ಕಾವಲಿಯ ಮೇಲೆ ಹರಡುವ ತೆಳ್ಳೇವು ಕೂಡ ಥಿನ್, ಅದನ್ನು ಸ್ಲಿಮ್ ದೋಸೆ ಎನ್ನಲಾಗದು. ಕೂದಲು ಥಿನ್ ಎಂದರೆ ಸಾಮಾನ್ಯವಾಗಿ ಒಂದೊಂದು ಎಳೆಯೂ ತೆಳುವಾಗಿದೆ ಎಂದಲ್ಲ, ಕೂದಲು ವಿರಳವಾಗಿದೆ ಎಂದು ಅರ್ಥ. ತೆಳುವಾದ ಎಳೆಗೆ ‘ಫೈನ್’ ಬೇಕು. ಸ್ಲಿಮ್ ಎಂಬುದು ಫೋನು, ಪರ್ಸು, ಪುಸ್ತಕಗಳಿಗೆ ಸಲ್ಲುತ್ತದೆ, ಅಲ್ಲಿ ಅಚ್ಚುಕಟ್ಟು ಎಂಬ ಮೆಚ್ಚುಗೆ ಉಳಿದಿರುತ್ತದೆ. ಆದರೆ ‘ಸ್ಲಿಮ್ ಚಾನ್ಸ್’ ಎಂದಾಗ ಆ ಮೆಚ್ಚುಗೆ ಪೂರ್ತಿ ಇಲ್ಲವಾಗಿ, ಅವಕಾಶ ತೀರಾ ಕಡಿಮೆ ಎಂಬ ನಿರಾಸೆ ಬರುತ್ತದೆ. ಸ್ಲಿಮ್ ಎಂದರೆ ಒಳ್ಳೆಯದು ಎಂದು ಕಲಿತವರು ಇಲ್ಲಿ ದಾರಿ ತಪ್ಪುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ‘ಥಿನ್ ಚಾನ್ಸ್’ ಎಂದು ಯಾರೂ ಹೇಳುವುದಿಲ್ಲ, ಆದರೆ ‘ಥಿನ್ ಎಕ್ಸ್‌ಕ್ಯೂಸ್’ ಎನ್ನುತ್ತಾರೆ. ಇದಕ್ಕೆ ತರ್ಕ ಹುಡುಕುವುದರಿಂದ ಪ್ರಯೋಜನವಿಲ್ಲ. ಯಾವ ಪದ ಯಾವುದರ ಜೊತೆ ಓಡಾಡುತ್ತದೆ ಎಂಬುದು ಬಳಕೆಯಿಂದ ಬಂದ ರೂಢಿ, ಅದನ್ನು ಜೋಡಿಯಾಗಿಯೇ ಕಲಿಯಬೇಕು.

ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಸ್ಲಿಮ್ ಫಿಟ್, ಸ್ಕಿನ್ನಿ ಫಿಟ್ ಎಂದು ಕೇಳಿ ಪ್ಯಾಂಟು ಕೊಳ್ಳುವ ಹುಡುಗರಿಗೂ ಇದು ತಿಳಿದಿದೆ. ಅಲ್ಲಿ ಸ್ಕಿನ್ನಿ ತೆಗಳಿಕೆಯಲ್ಲ, ಕಾಲಿಗೆ ಅಂಟಿಕೊಂಡಂತಿರುವ ಹೊಲಿಗೆಯ ಹೆಸರು. ಸ್ಲಿಮ್ ಎಂದರೆ ಅದಕ್ಕಿಂತ ತುಸು ಸಡಿಲ.

ಮರಗಳ ವಿಷಯದಲ್ಲಿ ನಾಲ್ಕನೆಯ ಪದವೊಂದು ಬೇಕಾಗುತ್ತದೆ. ಅಡಿಕೆ ತೋಟದ ಬಗ್ಗೆ ಪ್ರವಾಸಿಗರಿಗಾಗಿ ಬರೆಯುವಾಗ ಅಡಿಕೆ ಮರವನ್ನು ಥಿನ್ ಎಂದರೆ ಗೊಬ್ಬರ ಕಾಣದೆ ಸೊರಗಿದೆಯೇನೋ ಎನಿಸಬಹುದು. ‘ಸ್ಲೆಂಡರ್’ ಎಂದರೆ ಎತ್ತರವೂ ಬಳುಕುವ ಚೆಲುವೂ ಒಟ್ಟಿಗೆ ಬರುತ್ತವೆ. ನಮ್ಮ ‘ಸಪೂರ’ ಎಂಬ ಪದ ಇದಕ್ಕೆ ಬಹಳ ಹತ್ತಿರದ್ದು, ಮರಕ್ಕೂ ಮನುಷ್ಯರಿಗೂ ಸಲ್ಲುವಂಥದ್ದು. ‘ಬಡಕಲು’ ಎಂಬುದು ಸ್ಕಿನ್ನಿಗಿಂತಲೂ ಕಟುವಾದದ್ದು. ‘ಸೊರಗು’ ಎಂಬ ಕ್ರಿಯಾಪದಕ್ಕೆ ಈ ಮೂರರಲ್ಲಿ ಒಂದೂ ಸಾಟಿಯಲ್ಲ, ಏಕೆಂದರೆ ಅದು ತೆಳುವಾದದ್ದರ ಜೊತೆಗೆ ಚಿಂತೆಯೋ ಕಾಯಿಲೆಯೋ ಒಂದು ಕಾರಣವನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕಾರಣವನ್ನು ಬೇರೆಯಾಗಿಯೇ ಬರೆಯಬೇಕು.

ಪದದ ಮೂಲವನ್ನು ನೋಡಿ ಛಾಯೆ ನಿರ್ಧರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಆಸಕ್ತಿ ಹುಟ್ಟಿಸಲು ಮೂಲ ಒಳ್ಳೆಯದು, ತೀರ್ಮಾನಕ್ಕೆ ಸಾಲದು. ಥಿನ್ ಮತ್ತು ಸಂಸ್ಕೃತದ ‘ತನು’ ಒಂದೇ ಮೂಲದವು. ತನು ಎಂದರೆ ಮೈ ಮಾತ್ರವಲ್ಲ, ತೆಳುವಾದದ್ದು ಎಂದೂ ಅರ್ಥವಿದೆ, ‘ತನ್ವಂಗಿ’ ಬಂದದ್ದು ಹಾಗೆ. ಸ್ಲಿಮ್ ಇಂಗ್ಲಿಷಿಗೆ 17ನೇ ಶತಮಾನದಲ್ಲಿ ಡಚ್ ಭಾಷೆಯ ಕಡೆಯಿಂದ ಬಂತು, ಅದರ ಹಳೆಯ ಅರ್ಥ ವಕ್ರ, ಕೆಟ್ಟದ್ದು ಎಂದು. ಜರ್ಮನಿನ ‘ಶ್ಲಿಮ್’ ಇಂದಿಗೂ ಕೆಟ್ಟದ್ದು ಎಂದೇ ಹೇಳುತ್ತದೆ. ಮೂಲವನ್ನೇ ನಂಬಿದ್ದರೆ ಸ್ಲಿಮ್ ಬೈಗುಳವಾಗಬೇಕಿತ್ತು. ಆದ್ದರಿಂದ ಇಂಗ್ಲಿಷ್ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ನಿಘಂಟನ್ನು ತೆರೆಯಿರಿ. ಅರ್ಥದ ಪಕ್ಕದಲ್ಲಿ ಮೆಚ್ಚುಗೆ, ಅಮೆಚ್ಚುಗೆ, ಸಲಿಗೆಯ ಮಾತು ಎಂಬ ಗುರುತುಗಳಿರುತ್ತವೆ, ಕೆಳಗೆ ಉದಾಹರಣೆ ವಾಕ್ಯಗಳಿರುತ್ತವೆ. ಇಂಗ್ಲಿಷ್–ಕನ್ನಡ ಕಿರು ನಿಘಂಟುಗಳು ಮೂರಕ್ಕೂ ‘ತೆಳ್ಳಗಿನ’ ಎಂದು ಬರೆದು ಮುಗಿಸಿದರೆ ಅಲ್ಲಿ ಈ ಗುರುತುಗಳು ಸಿಗುವುದಿಲ್ಲ.

ಅದೇ ವಿದ್ಯಾರ್ಥಿನಿ ಆಮೇಲೆ ಕೇಳಿದ ಪ್ರಶ್ನೆ ನನಗೆ ಇನ್ನೂ ಮುಖ್ಯವೆನಿಸಿತು. ‘ಮೇಡಂ, ಅಜ್ಜಿಯ ಜಾಗದಲ್ಲಿ ಒಬ್ಬ ಪೇಷಂಟ್ ಇದ್ದು, ನಾನು ಕೇಸ್ ಶೀಟ್ ಬರೀತಿದ್ರೆ?’ ಅಲ್ಲಿ ಸ್ಲಿಮ್ ಮತ್ತು ಸ್ಕಿನ್ನಿ ಎರಡೂ ಬರಬಾರದು, ಏಕೆಂದರೆ ಎರಡರಲ್ಲೂ ನೋಡುವವರ ಅಭಿಪ್ರಾಯ ಸೇರಿದೆ. ಥಿನ್ ಬರೆಯಬಹುದು, ಆದರೆ ಎಷ್ಟು ಥಿನ್ ಎಂಬುದು ಮುಂದಿನ ಪಾಳಿಯವರಿಗೆ ತಿಳಿಯುವುದಿಲ್ಲ. ‘ಅಂಡರ್‌ವೇಟ್’ ಎಂಬ ಪದಕ್ಕೆ ಅಳತೆಯಿದೆ: ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿ.ಎಂ.ಐ. ಎಂಬ ಅಂಕಿ ವಯಸ್ಕರಲ್ಲಿ 18.5ಕ್ಕಿಂತ ಕಡಿಮೆ ಇದ್ದರೆ ಹಾಗೆನ್ನುತ್ತಾರೆ. ‘ಇಮೇಸಿಯೇಟೆಡ್’ ಎಂಬುದು ಮಾಂಸಖಂಡ ಕರಗಿ ಎಲುಬು ಎದ್ದು ಕಾಣುವ ಸ್ಥಿತಿಗೆ ಮೀಸಲು, ಅದನ್ನು ಹಗುರವಾಗಿ ಬರೆಯುವಂತಿಲ್ಲ. ಇನ್ನು, 50 ಕೆ.ಜಿ. ತೂಗುತ್ತಿದ್ದವರು ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ 46 ಕೆ.ಜಿ.ಗೆ ಇಳಿದಿದ್ದರೆ ಅದು ನೂರಕ್ಕೆ 8ರಷ್ಟು ಇಳಿಕೆ. ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಕಾರಣ ಹುಡುಕುತ್ತಾರೆ. ಹಾಗಾಗಿ ಕೇಸ್ ಶೀಟಿನಲ್ಲಿ ಎರಡು ತೂಕಗಳನ್ನೂ ನಡುವಿನ ಅವಧಿಯನ್ನೂ ಬರೆ ಎಂದು ಅವಳಿಗೆ ಹೇಳಿದೆ. ಮನೆಯವರ ಬಗ್ಗೆ ಬರೆದ ಪುಟದಲ್ಲಿ ಥಿನ್ ಹಾಗೆಯೇ ಇರಲಿ ಎಂದೂ ಹೇಳಿದೆ.