ಹುಟ್ಟೋಕ್ ಮುಂಚೇನೇ ಸತ್ತ ಬೆಲೆ

ಬಟ್ಟೆ ಅಂಗಡೀಲಿ ಎಲ್ಲಕ್ಕಿಂತ ನತದೃಷ್ಟ ಯಾರು ಅಂದ್ರೆ ಟ್ಯಾಗ್ ಮೇಲೆ ಕೆಂಪು ಗೀಟು ಹೊಡೆಸ್ಕೊಂಡು ಮಲಗಿರೋ ಆ ಹಳೇ ಬೆಲೆ. ಪಾಪ, ಅದು ಸತ್ತಿದ್ದಕ್ಕೆ ಇಡೀ ಅಂಗಡಿ ಬಲೂನ್ ಕಟ್ಟಿ ಹಾಡು ಹಾಕಿ ಸಂಭ್ರಮ ಪಡುತ್ತೆ, ನಾವೂ ಕ್ಯೂ ನಿಂತು ಖುಷಿ ಪಡ್ತೀವಿ, ಆದ್ರೆ ಅದು ಯಾವತ್ತು ಹುಟ್ಟಿತ್ತು, ಎಷ್ಟು ದಿನ ಬದುಕಿತ್ತು ಅಂತ ಮಾತ್ರ ಯಾರೂ ವಿಚಾರಿಸಲ್ಲ. ನಾನೊಂದ್ಸಲ ವಿಚಾರಿಸ್ದೆ. "ಸರ್, ಟ್ಯಾಗ್ ಬರೋದೇ ಹಂಗೆ" ಅಂದ ಕೌಂಟರ್ ಹುಡುಗ. ಅಂದ್ರೆ ಎರಡು ಬೆಲೆನೂ ಒಂದೇ ಮೆಷಿನ್ನಲ್ಲಿ, ಒಂದೇ ದಿನ ಪ್ರಿಂಟ್ ಆಗಿ, ಒಂದು ಗೀಟಿನ ಸಮೇತನೇ ಅಂಗಡಿಗೆ ಬಂದಿತ್ತು. ಒಂದು ದಿನಾನೂ ಯಾರಿಗೂ ಹೇಳದ ಬೆಲೆಗೆ ಮರಣ ಪತ್ರ ಇದೆ, ಜನನ ಪತ್ರ ಇಲ್ಲ.

ಇದಕ್ಕಿಂತ ಸ್ವಲ್ಪ ಮರ್ಯಾದಸ್ಥರು ಇದಾರೆ, ಅವರು ಬೆಲೆನ ನಾಲ್ಕು ದಿನ ಬದುಕಿಸಿ ಆಮೇಲೆ ಸಾಯಿಸ್ತಾರೆ. ವರ್ಷವಿಡೀ 100ಕ್ಕೆ ಮಾರ್ತಿದ್ದ ಶರ್ಟು ಅಂದ್ಕೊಳ್ಳಿ. ಸೇಲ್ ಶುರುವಾಗೋ ಹಿಂದಿನ ವಾರ ಸದ್ದಿಲ್ಲದೆ 150 ಆಗುತ್ತೆ, ಆ ವಾರ ಯಾರೂ ತಗೊಳಲ್ಲ, ತಗೊಳ್ಲಿ ಅಂತ ಅಂಗಡಿಯೋರಿಗೂ ಆಸೆ ಇಲ್ಲ. ಸೇಲ್ ದಿನ 150ಕ್ಕೆ ಗೀಟು ಹೊಡೆದು 90 ಅಂತ ಬರೆದು ಪಕ್ಕದಲ್ಲಿ ಕುಂಬಳಕಾಯಿ ಗಾತ್ರದಲ್ಲಿ ಶೇ. 40 ರಿಯಾಯಿತಿ. ಲೆಕ್ಕ ತಪ್ಪಿಲ್ಲ ಸ್ವಾಮಿ, 150ರಲ್ಲಿ ಶೇ. 40 ಅಂದ್ರೆ 60, ಕಳೆದ್ರೆ 90, ಮೇಷ್ಟ್ರು ಫುಲ್ ಮಾರ್ಕ್ಸ್ ಕೊಡ್ತಾರೆ. ತಪ್ಪಿರೋದು ಎಲ್ಲಿಂದ ಕಳೀಬೇಕು ಅನ್ನೋದ್ರಲ್ಲಿ. ನಿಜವಾಗ್ಲೂ ಉಳಿದಿದ್ದು 10. ಮಿಕ್ಕ 50 ಒಂದು ವಾರ ಅಂಗಡೀಲಿ ಓಡಾಡಿ ಮಾಯವಾದ ದೆವ್ವ.

ಈ ದೆವ್ವ ಬಿಡಿಸೋಕೆ ಯುರೋಪಿಯನ್ ಯೂನಿಯನ್‌ನವರು 2022ರ ಮೇ 28ರಿಂದ ಒಂದು ಮಂತ್ರ ಜಾರಿ ಮಾಡಿದ್ರು, ಬೆಲೆ ಇಳಿಸಿದೀವಿ ಅಂತ ಹೇಳ್ಕೋಬೇಕಾದ್ರೆ ಹಳೇ ಬೆಲೆ ಅಂತ ತೋರಿಸೋದು ಅದಕ್ಕೆ ಮುಂಚಿನ 30 ದಿನದಲ್ಲಿ ನೀವೇ ಇಟ್ಟಿದ್ದ ಅತಿ ಕಡಿಮೆ ಬೆಲೆ ಆಗಿರಬೇಕು ಅಂತ. ನಮ್ಮ ಶರ್ಟಿಗೆ ಅದು 100, ಹಂಗಾಗಿ ಬೋರ್ಡಲ್ಲಿ ಶೇ. 10 ಅಂತಷ್ಟೇ ಹಾಕ್ಬೇಕು. ಶೇ. 10ಕ್ಕೆ ಯಾರು ಬಲೂನ್ ಕಟ್ತಾರೆ ಹೇಳಿ. ಅದಕ್ಕೇ ಒಂದು ಸೂಪರ್ ಮಾರ್ಕೆಟ್‌ನವರು ಆ 30 ದಿನದ ಕಡಿಮೆ ಬೆಲೆನ ಪಕ್ಕದಲ್ಲೆಲ್ಲೋ ಸಣ್ಣಕ್ಷರದಲ್ಲಿ ಬರೆದು, ಶೇಕಡಾನ ಮಾತ್ರ ದೊಡ್ಡ ಬೆಲೆ ಮೇಲೇ ಲೆಕ್ಕ ಹಾಕಿದ್ರು. ಕೇಸು ಯುರೋಪಿನ ಕೋರ್ಟಿಗೆ ಹೋಯ್ತು, 2024ರ ಸೆಪ್ಟೆಂಬರಲ್ಲಿ ಜಡ್ಜುಗಳು ಶೇಕಡಾನೂ ಆ ಕಡಿಮೆ ಬೆಲೆ ಮೇಲೇ ಲೆಕ್ಕ ಹಾಕ್ಬೇಕು ಅಂತ ತೀರ್ಪು ಕೊಟ್ರು. ಐದನೇ ಕ್ಲಾಸಿನ ಲೆಕ್ಕಕ್ಕೆ ಇಷ್ಟು ದೊಡ್ಡ ಕೋರ್ಟು ಬೇಕಾಯ್ತು. ಆದ್ರೂ ಮಂತ್ರಕ್ಕೆ ಒಂದು ಕಿಂಡಿ ಇದೆ, ತಾಳ್ಮೆ ಇರೋ ಅಂಗಡಿಯವನು 30 ದಿನ ಪೂರ್ತಿ 150 ಅಂತಲೇ ಬೋರ್ಡ್ ಹಾಕಿ ಕೂತ್ರೆ ಈ ನಿಯಮದ ಕಣ್ಣಿಗೆ 150 ನಿಜವಾದ ಬೆಲೆನೇ ಆಗ್ಬಿಡುತ್ತೆ.

ಕಾನೂನಿನ ಕೈಗೆ ಸಿಗದಿದ್ದು ಹ್ಯಾಂಗರ್ ಮೇಲೆ ಸಿಗುತ್ತೆ. ನಿಜವಾಗ್ಲೂ ಮಾರಿ ಉಳಿದಿದ್ದನ್ನ ಖಾಲಿ ಮಾಡ್ತಿರೋ ಅಂಗಡೀಲಿ ಸೈಜುಗಳು ಹರಿದು ಹಂಚಿಹೋಗಿರ್ತವೆ, ಮಧ್ಯದ ಸೈಜುಗಳು ಮೊದ್ಲೇ ಖಾಲಿ ಆಗಿ ಒಂದು ಕಡೆ ಗುಬ್ಬಚ್ಚಿಗಾಗೋದು, ಇನ್ನೊಂದು ಕಡೆ ಆನೆಗಾಗೋದು ಉಳಿದಿರುತ್ತೆ, ನಮ್ಮ ಸೈಜು ಕೇಳಿದ್ರೆ ಹುಡುಗಿ ತುಟಿ ಉಬ್ಬಿಸಿ ತಲೆ ಆಡಿಸ್ತಾಳೆ. ಅದೇ "ಶೇ. 60 ರಿಯಾಯಿತಿ, ಕೊನೇ ಸ್ಟಾಕ್" ಅಂತ ಬೋರ್ಡ್ ಇದ್ದು, ಎಲ್ಲಾ ಸೈಜು, ಎಲ್ಲಾ ಬಣ್ಣ ಮದುವೆ ಊಟದ ಪಂಕ್ತಿ ಥರ ಸಾಲಾಗಿ ಕೂತಿದ್ರೆ, ಅದು ಹೋದ ಸೀಸನ್‌ದು ಉಳಿದಿದ್ದಲ್ಲ, ಈ ರಿಯಾಯಿತಿಗೆ ಅಂತಲೇ ಹೊಲಿಸಿ ತಂದಿರೋದು ಅಂತ ಅನುಮಾನ ಪಡಬಹುದು. (ನನ್ನ ಸೈಜು ಸಿಕ್ಕಿದ ತಕ್ಷಣ ಅನುಮಾನ ಪಡೋಷ್ಟು ಗಟ್ಟಿ ಮನಸ್ಸು ನನಗಂತೂ ಇಲ್ಲ.)

ಅಂಗಡಿಯವರನ್ನಷ್ಟೇ ಬೈಯೋಣ ಅಂದ್ರೆ ಒಂದು ಹಳೇ ಕಥೆ ಅಡ್ಡ ಬರುತ್ತೆ. ಅಮೆರಿಕದ ಜೆಸಿ ಪೆನ್ನಿ ಅನ್ನೋ ದೊಡ್ಡ ಅಂಗಡಿ ಸರಣಿಯವರು 2012ರಲ್ಲಿ ಸತ್ಯಹರಿಶ್ಚಂದ್ರ ಆಗೋಕೆ ಹೋದ್ರು. ದಿನಾ ನಡೆಯೋ ಸೇಲ್ ಬೇಡ, ಕೂಪನ್ ಬೇಡ, ಮೊದಲ ದಿನದಿಂದ್ಲೇ ಕಡಿಮೆ ಬೆಲೆ ಬರೆದುಬಿಡ್ತೀವಿ ಅಂದ್ರು. ಆ ವರ್ಷ ಅವರ ವ್ಯಾಪಾರ ಕಾಲು ಭಾಗ ಬಿದ್ದೋಯ್ತು. ಜನಕ್ಕೆ ಬೇಕಾಗಿದ್ದು 90 ಅಲ್ಲ, 150ಕ್ಕೆ ಗೀಟು ಹೊಡೆದ 90. ಮುಂದಿನ ವರ್ಷ ಸೇಲೂ ವಾಪಸ್ ಬಂತು, ದೊಡ್ಡ ಬೆಲೆನೂ ವಾಪಸ್ ಬಂತು, ಆ ಐಡಿಯಾ ತಂದಿದ್ದ ಸಿಇಒ ಮಾತ್ರ ಕ್ಲಿಯರೆನ್ಸ್‌ನಲ್ಲಿ ಹೋದ್ರು.