ಒಂದು ಸಲ ಕೇಳಿ ಬಿಟ್ಟರೆ ಸಾಕು

"ನಮಸ್ಕಾರ ಅಂತ ಮೆಸೇಜ್ ಹಾಕಿ ಸುಮ್ಮನಾಗುವವರನ್ನು ಮತ್ತೆ ಮತ್ತೆ ಕೇಳಬೇಕಾ?"

ಒಂದೇ ಸಲ ಕೇಳಿ ಸಾರ್. ತೀರ್ಥಹಳ್ಳಿ ಕಡೆ ಗೊಬ್ಬರ, ಔಷಧಿ ಅಂಗಡಿಯ ವಾಟ್ಸಾಪ್ ನೋಡಿಕೊಳ್ಳುವುದು ನಾನೇ. ಜುಲೈ ಮಳೆಯಲ್ಲಿ ಒಬ್ಬರು ಬೆಳಿಗ್ಗೆ "ನಮಸ್ಕಾರ" ಅಂತ ಹಾಕಿದರು. ನಾನು "ಹೇಳಿ" ಅಂದೆ, ಆಮೇಲೆ "ಇದ್ದೀರಾ?", "ಏನು ಬೇಕಿತ್ತು?" ಅಂತ ಸಂಜೆಯವರೆಗೆ ಐದು ಮೆಸೇಜ್ ಕಳಿಸಿದೆ. ಎಲ್ಲದಕ್ಕೂ ಒಂದೇ ಟಿಕ್. ಅಂದರೆ ಮೆಸೇಜ್ ಅವರ ಫೋನಿಗೆ ಮುಟ್ಟಿರಲೇ ಇಲ್ಲ, ಕರೆಂಟ್ ಹೋಗಿ ಟವರ್ ಬಂದ್ ಆಗಿತ್ತು. ರಾತ್ರಿ ಐದೂ ಒಟ್ಟಿಗೆ ಹೋಗಿ ಬಿದ್ದವು. "ತೊಂದರೆ ಕೊಟ್ಟೆ, ಕ್ಷಮಿಸಿ" ಅಂತ ಬರೆದು ಅವರು ಸುಮ್ಮನಾಗಿಬಿಟ್ಟರು. ಅವರ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದಿತ್ತು ಅಂತ ನನಗೆ ಗೊತ್ತಾಗಿದ್ದು ವಾರದ ಮೇಲೆ. ಈಗಲೂ ಬೇಜಾರಾಗುತ್ತದೆ.

ಎರಡು ನೀಲಿ ಟಿಕ್ ಬಂದರೂ ಅವಸರ ಬೇಡ. ಒದ್ದೆ ಕೈಯಲ್ಲಿ ಕನ್ನಡ ಟೈಪ್ ಮಾಡುವುದು ಕಷ್ಟ ಅಲ್ವಾ, ಮಗ ಮನೆಗೆ ಬರಲಿ ಅಂತ ಕಾಯುವವರೂ ಇದ್ದಾರೆ.

ಈಗ ನಾನು ನಮಸ್ಕಾರಕ್ಕೆ ಆಗಲೇ ನಮಸ್ಕಾರ ಹೇಳುತ್ತೇನೆ. ಉತ್ತರ ಬರದಿದ್ದರೆ ಮಾರನೇ ದಿನ ಒಂದೇ ಒಂದು ಮೆಸೇಜ್: "ಅಣ್ಣ, ಬಿಡುವಾದಾಗ ಬರೆಯಿರಿ. ಬರೆಯೋದು ಕಷ್ಟ ಆದರೆ ಉದುರಿದ ಕಾಯಿ ಫೋಟೋ ಹಾಕಿ, ಇಲ್ಲಾ ವಾಯ್ಸ್ ಕಳಿಸಿ." ಬರೀ "ಹೇಳಿ" ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ, ಮುಂದೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ ನಾನು ಬರೆಯುವುದಿಲ್ಲ. ಮೊನ್ನೆ ಹೀಗೆ ಬಿಟ್ಟವರೊಬ್ಬರು ಮೂರನೇ ದಿನ ನಾಲ್ಕು ಫೋಟೋ ಕಳಿಸಿದರು.